ಸಿಂಗಳೀಕದ ಪಂಜರದ ಬಗ್ಗೆ ಮೃಗಾಲಯದ ನಿರ್ದೇಶಕರಿಗೆ ಪತ್ರ: ಕಳಿಸುವ ಮೊದಲು ಒಮ್ಮೆ ನೋಡಿಕೊಡ್ತೀರಾ?

ಹೊಳೆಸಾಲು_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಊರು ಸಿದ್ದಾಪುರ ತಾಲ್ಲೂಕು, ಓದುತ್ತಿರುವುದು ಬೇರೆ ಊರಲ್ಲಿ. ಚಿಕ್ಕವಳಿದ್ದಾಗ ಅಜ್ಜನ ಜೊತೆ ಉಪ್ಪಾಗೆ ಹೆಕ್ಕಲು ಕಾಡಿಗೆ ಹೋಗುತ್ತಿದ್ದೆ. ಸಿಂಗಳೀಕಗಳೂ ಅದೇ ಹಣ್ಣಿಗೆ ಬರುತ್ತಿದ್ದವು. ಕತ್ತೆತ್ತಿ ನೋಡಿದರೆ ಕಾಣುತ್ತಿದ್ದುದು ಕೊಂಬೆಯಿಂದ ಜೋತ ಬಾಲ, ಅದರ ತುದಿಯ ಕುಚ್ಚು, ಅಷ್ಟೇ. ನೆಲಕ್ಕಿಳಿದದ್ದನ್ನು ನಾನು ನೋಡಿಯೇ ಇಲ್ಲ.

ಈಗ ನಾನಿರುವ ಊರಿನ ಮೃಗಾಲಯದಲ್ಲಿ ನಾಲ್ಕು ಸಿಂಗಳೀಕಗಳಿವೆ. ಒಂದು ಗಂಡು, ಎರಡು ಹೆಣ್ಣು, ಸ್ವಲ್ಪ ಬೆಳೆದ ಮರಿ ಒಂದು. ಮೃಗಾಲಯದ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿನ ಪಾಲಕರು ನಾನು ಕೇಳಿದ್ದಕ್ಕೆಲ್ಲ ಸಮಾಧಾನವಾಗಿ ಉತ್ತರ ಕೊಟ್ಟಿದ್ದಾರೆ, ಅವರಿಗೆ ತೊಂದರೆ ಆಗಬಾರದು. ಪಂಜರ ನನ್ನ ಹೆಜ್ಜೆ ಲೆಕ್ಕದಲ್ಲಿ ಸುಮಾರು 9 ಮೀಟರ್ ಉದ್ದ, 6 ಮೀಟರ್ ಅಗಲ. ಎತ್ತರ 4 ಮೀಟರ್ ಇರಬಹುದು. ಮೇಲೂ ಜಾಲರಿ ಇದೆ. ನೆಲ ಸಿಮೆಂಟ್. ನಡುವೆ ಒಂದು ಒಣಮರ, ಅದಕ್ಕೆ ಒಂದು ಹಲಗೆ. ಮೂರು ಕಡೆಯಿಂದ ಜನ ನಿಂತು ನೋಡುತ್ತಾರೆ, ಕಡಲೆಕಾಯಿ ಎಸೆಯುತ್ತಾರೆ.

ಒಂದು ಭಾನುವಾರ, ಒಂದು ಬುಧವಾರ ಬೆಳಿಗ್ಗೆ 10ರಿಂದ 1ರವರೆಗೆ ಕೂತು ಎಣಿಸಿದೆ. ಐದು ನಿಮಿಷಕ್ಕೊಮ್ಮೆ ನಾಲ್ಕೂ ಪ್ರಾಣಿ ಏನು ಮಾಡುತ್ತಿವೆ ಅಂತ ಗುರುತು ಹಾಕಿದೆ. ದಿನಕ್ಕೆ 36 ಸಲ, ಅಂದರೆ ನಾಲ್ಕೂ ಸೇರಿ ದಿನಕ್ಕೆ 144 ಗುರುತು. ಭಾನುವಾರ 58 ಗುರುತು ಜಾಲರಿಗೆ ಬಂದು ಕೈ ಚಾಚಿದ್ದು, 21 ಗುರುತು ಒಂದೇ ದಾರಿಯಲ್ಲಿ ಸುಮ್ನೆ ಹಿಂದೆ ಮುಂದೆ ಓಡಾಡಿದ್ದು. ಬುಧವಾರ 17 ಮತ್ತು 12.

ಇದು ನನ್ನ ಕರಡು:

*ಮಾನ್ಯರೇ, ತಮ್ಮ ಮೃಗಾಲಯದ ಸಿಂಗಳೀಕಗಳು ಜನರ ಹಿಂಸೆಯಿಂದ ಮಾನಸಿಕವಾಗಿ ನರಳುತ್ತಿವೆ ಎಂದು ನನ್ನ ಅಧ್ಯಯನದಿಂದ ಸಾಬೀತಾಗಿದೆ. ಈಗಿನ ಪಂಜರವನ್ನು ಕೂಡಲೇ ಒಡೆದು ಹತ್ತು ಪಟ್ಟು ದೊಡ್ಡದಾದ, ಸುತ್ತ ನೀರಿನ ಕಂದಕವಿರುವ ತೆರೆದ ದ್ವೀಪ ನಿರ್ಮಿಸಬೇಕು. ನೆಲಕ್ಕೆ ಕಾಡಿನ ತರಗೆಲೆ ತಂದು ಹಾಸಬೇಕು. ಇಲ್ಲವಾದರೆ ಅವುಗಳನ್ನು ಕಾಡಿಗೆ ಬಿಡಬೇಕು.*

ತಪ್ಪಿದ್ದರೆ ಹೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ಅಡಿಕೆ_ತೋಟ

ಒಳ್ಳೆ ಕೆಲಸ ತಂಗಿ. ಹಾಗೇ ನಮ್ಮ ಕಡೆಯ ಮಂಗಗಳನ್ನೂ ಹಿಡಿದುಕೊಂಡು ಹೋಗಲು ಅದೇ ಪತ್ರದಲ್ಲಿ ಬರೆದುಬಿಡಿ. ಈ ವರ್ಷ ಬಾಳೆ ಒಂದು ಗೊನೆ ಕೈಗೆ ಸಿಕ್ಕಿಲ್ಲ. ಎಳೆ ಅಡಿಕೆ ಕಚ್ಚಿ ಬಿಸಾಡುತ್ತವೆ. ಇಷ್ಟು ದೊಡ್ಡ ದ್ವೀಪ ಮಾಡಿದರೆ ನೂರು ಮಂಗ ಹಿಡಿಸುತ್ತವಲ್ಲ.

ಹೊಳೆಸಾಲು_ಹುಡುಗಿ

ಅಣ್ಣಾ, ನಮ್ಮ ಮನೆಯಲ್ಲೂ ಅದೇ ಕಷ್ಟ, ನಿಮ್ಮ ಬೇಸರ ಅರ್ಥ ಆಗುತ್ತದೆ. ಆದರೆ ತೋಟಕ್ಕೆ ಬರುವುದು ಕೆಂಪು ಮೋರೆಯ ಕೋತಿ. ಇದು ಸಿಂಗಳೀಕ, ಕರಿ ಮೈ, ಮುಖದ ಸುತ್ತ ಬೂದಿ ಬಣ್ಣದ ಕೇಸರ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಎರಡೂ ವಿಷಯ ಒಂದೇ ಪತ್ರದಲ್ಲಿ ಹಾಕಿದರೆ ಎರಡೂ ಕೆಡುತ್ತವೆ.

ಸಿಂಗಾಪುರದ_ಕನ್ನಡಿಗ

ನಿಮ್ಮ ದ್ವೀಪದ ಸಲಹೆ ಸರಿಯಾಗಿಯೇ ಇದೆ, ಬಿಟ್ಟುಕೊಡಬೇಡಿ. ಇಲ್ಲಿನ ಮೃಗಾಲಯ 1973ರಲ್ಲಿ ಶುರುವಾದಾಗಿನಿಂದಲೂ ಇದೇ ದಾರಿ. ಕಂಬಿ ಇಲ್ಲ, ಕಂದಕ ಮತ್ತು ಗಿಡಗಳೇ ಬೇಲಿ. ಒರಾಂಗುಟಾನ್‌ಗಳು ನಿಮ್ಮ ತಲೆ ಮೇಲಿನ ಮರದಲ್ಲೇ ಇರುತ್ತವೆ. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಮ್ಮಲ್ಲೂ ಹೀಗೆ ಇರಬೇಕಿತ್ತು ಅನ್ನಿಸುತ್ತದೆ. ಕೋತಿ ಜಾತಿಗೆ ಬೇಕಾದದ್ದು ಜಾಗ. ಜಾಗ ಕೊಟ್ಟರೆ ಉಳಿದದ್ದು ತಾನಾಗೇ ಸರಿ ಹೋಗುತ್ತದೆ.

ನಿವೃತ್ತ_ಪಾಲಕ

ಮಗಳೇ, ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಪ್ರಾಣಿಗಳ ಪಾಲಕನಾಗಿದ್ದೆ, ಅದರಲ್ಲಿ ಹೆಚ್ಚು ಕಾಲ ಕೋತಿಗಳ ಕಡೆಯೇ. ನಿನ್ನ ಪತ್ರ ಹೀಗೇ ಹೋದರೆ ಫೈಲಿಗೆ ಸೇರುತ್ತದೆ, ಅಷ್ಟೇ. ಯಾಕೆ ಹೇಳುತ್ತೇನೆ ಕೇಳು.

ಹೊಸ ಆವರಣ ಕಟ್ಟುವುದು ನಿರ್ದೇಶಕರೊಬ್ಬರ ಕೈಯಲ್ಲಿಲ್ಲ. ಮೃಗಾಲಯದ ಮಾಸ್ಟರ್ ಪ್ಲಾನಿನಲ್ಲಿ ಅದಕ್ಕೆ ಜಾಗ ಇರಬೇಕು. ನಕ್ಷೆಗೆ ಕೇಂದ್ರ ಮೃಗಾಲಯ ಪ್ರಾಧಿಕಾರ ಒಪ್ಪಬೇಕು. ಆಮೇಲೆ ದುಡ್ಡು, ಟೆಂಡರ್. ಅಷ್ಟರಲ್ಲಿ ನೀನು ಓದು ಮುಗಿಸಿರುತ್ತೀಯ. ಆದರೆ ಇರುವ ಪಂಜರದ ಒಳಗೆ ಹಗ್ಗ ಕಟ್ಟುವುದು, ಕೊಂಬೆ ಹಾಕುವುದು, ಊಟ ಕೊಡುವ ರೀತಿ ಬದಲಿಸುವುದು, ಹೊರಗೆ ಬೇಲಿ ಹಿಂದಕ್ಕೆ ಸರಿಸುವುದು, ಇವೆಲ್ಲ ಅವರು ಮನಸ್ಸು ಮಾಡಿದರೆ ತಿಂಗಳೊಳಗೆ ಆಗುವ ಕೆಲಸ.

ಸಿಂಗಾಪುರದ ಸರ್ ಹೇಳಿದ್ದು ಅರ್ಧ ನಿಜ. ಜಾಗ ಬೇಕು. ಆದರೆ ಸಿಂಗಳೀಕಕ್ಕೆ ನೆಲದ ಜಾಗ ಲೆಕ್ಕಕ್ಕಿಲ್ಲ. ನೀನೇ ಹೇಳಿದೆಯಲ್ಲ, ನೆಲಕ್ಕಿಳಿದದ್ದು ನೋಡಿಲ್ಲ ಅಂತ. 9 ಮೀಟರ್ ಉದ್ದದ ಪಂಜರದಲ್ಲಿ ಅವಕ್ಕೆ ನಿಜವಾಗಿ ಇರುವುದು ಆ ಒಣಮರದ ನಾಲ್ಕೈದು ಕೊಂಬೆ ಮತ್ತು ಒಂದು ಹಲಗೆ. ಉಳಿದದ್ದೆಲ್ಲ ಬರೀ ಗಾಳಿ. ಹತ್ತು ಪಟ್ಟು ದೊಡ್ಡದು ಮಾಡಿ ನಡುವೆ ಅದೇ ಒಂದು ಮರ ನೆಟ್ಟರೆ, ಅವು ಅದೇ ಐದು ಕೊಂಬೆಯಲ್ಲೇ ಕೂರುತ್ತವೆ. ನಾನು ಕಣ್ಣಾರೆ ಕಂಡಿದ್ದೇನೆ. ಹೊಸ ಆವರಣ ಅಂತ ಎಲ್ಲರೂ ಚಪ್ಪಾಳೆ ಹೊಡೆದರು. ಕೋತಿಗಳು ಆರು ತಿಂಗಳು ರಾತ್ರಿ ಮನೆಯ ಬಾಗಿಲು ಬಿಟ್ಟು ಕದಲಲಿಲ್ಲ.

ಒಂದು ಪ್ರಶ್ನೆ. ಅಲ್ಲಿ ಊಟ ಎಷ್ಟು ಗಂಟೆಗೆ ಕೊಡುತ್ತಾರೆ?

ಹೊಳೆಸಾಲು_ಹುಡುಗಿ

ಹನ್ನೊಂದೂವರೆಗೆ ಸರ್. ಒಂದೇ ಸ್ಟೀಲ್ ತಟ್ಟೆಯಲ್ಲಿ, ಬಾಗಿಲ ಹತ್ತಿರ. ಬಾಳೆಹಣ್ಣು, ಸೌತೆಕಾಯಿ, ಕ್ಯಾರೆಟ್, ನೆನೆಸಿದ ಕಡಲೆ, ಬೇಯಿಸಿದ ಮೊಟ್ಟೆ. ಹತ್ತು ನಿಮಿಷದಲ್ಲಿ ಖಾಲಿ.

ಎಣಿಕೆ_ಪುಸ್ತಕ

ನಾನು ಕೋತಿಗಳ ವರ್ತನೆ ಮೇಲೆಯೇ ಸಂಶೋಧನೆ ಮಾಡುತ್ತಿದ್ದೇನೆ. ಎರಡೇ ದಿನವಾದರೂ ನೀವು ಕೂತು ಎಣಿಸಿದ್ದು ನೋಡಿ ತುಂಬಾ ಖುಷಿ ಆಯ್ತು. ಆದರೆ "ಸಾಬೀತಾಗಿದೆ" ಅನ್ನುವ ಪದ ತೆಗೆಯಲೇಬೇಕು.

ನಿಮ್ಮ ಮೂರು ಗಂಟೆಯಲ್ಲಿ ಮೊದಲ ಒಂದೂವರೆ ಗಂಟೆ ಊಟಕ್ಕೆ ಮುಂಚಿನದು. ಊಟದ ಹೊತ್ತು ಹತ್ತಿರವಾದಾಗ ಪ್ರಾಣಿಗಳು ಬಾಗಿಲ ಕಡೆ ಹಿಂದೆ ಮುಂದೆ ಓಡಾಡುವುದು ಇದ್ದೇ ಇದೆ. ನಿಮ್ಮ 21 ಗುರುತಿನಲ್ಲಿ 11.30ಕ್ಕೆ ಮುಂಚಿನವು ಎಷ್ಟು, ಆಮೇಲಿನವು ಎಷ್ಟು? ಪುಸ್ತಕದಲ್ಲಿ ಸಮಯ ಬರೆದಿದ್ದರೆ ಬೇರೆ ಮಾಡಿ ನೋಡಿ. ಇನ್ನೊಂದು, 144 ಗುರುತು ಅಂದರೆ 144 ಪ್ರಾಣಿ ಅಲ್ಲ. ಅದೇ ನಾಲ್ಕು ಪ್ರಾಣಿ. ಒಂದು ಹೆಣ್ಣಿಗೆ ಕೈ ಚಾಚುವ ಅಭ್ಯಾಸ ಜಾಸ್ತಿ ಇದ್ದರೆ ಪೂರ್ತಿ ಲೆಕ್ಕ ಅದರದ್ದೇ ಆಗಿಬಿಡುತ್ತದೆ. ಪ್ರತಿ ಪ್ರಾಣಿಗೂ ಬೇರೆ ಸಾಲು ಹಾಕಿ.

ಕೈ ಚಾಚುವುದನ್ನೂ ಓಡಾಡುವುದನ್ನೂ ಒಂದೇ ಪಟ್ಟಿಗೆ ಸೇರಿಸಬೇಡಿ. ಕೈ ಚಾಚುವುದು ಕಲಿತದ್ದು. ಕಡಲೆಕಾಯಿ ನಿಂತರೆ ಅದೂ ನಿಧಾನವಾಗಿ ನಿಲ್ಲುತ್ತದೆ. ಅದೇ ದಾರಿ, ಅದೇ ತಿರುವು, ಅದೇ ಹೆಜ್ಜೆ ಅಂತ ಓಡಾಡುವುದು ಬೇರೆ ಸಂಗತಿ. ಅದು ಅಂಟಿಕೊಂಡರೆ ಪಂಜರ ಬದಲಾದ ಮೇಲೂ ಎಷ್ಟೋ ಸಲ ಉಳಿದುಬಿಡುತ್ತದೆ. ತನ್ನ ಕೂದಲು ಕೀಳುವುದು, ತನ್ನ ಕೈ ಕಚ್ಚಿಕೊಳ್ಳುವುದು ಕಂಡರೆ ಅದನ್ನಂತೂ ಪ್ರತ್ಯೇಕ ಬರೆಯಿರಿ.

ನಿಮ್ಮ ಅನುಮಾನಕ್ಕೆ ಆಧಾರ ಇಲ್ಲ ಅಂತಲ್ಲ. ಅವಂತಿ ಮಲ್ಲಾಪುರ್ ಮತ್ತು ಸಂಗಡಿಗರು ನಮ್ಮ ದೇಶದ ಮೃಗಾಲಯಗಳ ಸಿಂಗಳೀಕಗಳನ್ನೇ ನೋಡಿ 2005ರಲ್ಲಿ ಬರೆದಿದ್ದಾರೆ. ಜನ ಇದ್ದಾಗ ಅಸಹಜ ವರ್ತನೆ ಹೆಚ್ಚು ಎಂದೇ ಅವರಿಗೂ ಕಂಡಿದ್ದು. ನಿಮ್ಮ ಭಾನುವಾರ ಮತ್ತು ಬುಧವಾರದ ಲೆಕ್ಕ ಅದೇ ದಿಕ್ಕಿನಲ್ಲಿದೆ. ಮೃಗಾಲಯಕ್ಕೆ ವಾರದ ರಜೆ ಇದೆ ಅಲ್ವಾ? ಆ ದಿನ ಒಳಗೆ ಕೂತು ಎಣಿಸಲು ಅನುಮತಿ ಕೇಳಿ. ಜನವೇ ಇಲ್ಲದ ದಿನದ ಲೆಕ್ಕ ಇಲ್ಲದೆ ಈ ಮಾತು ಪೂರ್ತಿ ಆಗುವುದಿಲ್ಲ.

ಅರ್ಜಿದಾರ

ಪತ್ರ ಬರೆದು ಕೂತರೆ ಏನೂ ಆಗಲ್ಲ. ಮೊದಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಪಂಜರದ ಅಳತೆ, ಐದು ವರ್ಷದಲ್ಲಿ ಸತ್ತ ಕೋತಿಗಳ ಲೆಕ್ಕ, ಖರ್ಚು, ಎಲ್ಲ ಕೇಳಿ. ಆಮೇಲೆ ಮಾತಾಡಿ.

ನಿವೃತ್ತ_ಪಾಲಕ

ಅದು ನಿಮ್ಮ ಹಕ್ಕು, ಬೇಡ ಅನ್ನಲ್ಲ. ಆದರೆ ಈ ಹುಡುಗಿಗೆ ಬೇಕಾಗಿರುವುದು ರಜೆಯ ದಿನ ಒಳಗೆ ಹೋಗಲು ಅನುಮತಿ. ಅರ್ಜಿ ಮೊದಲು ಹೋದರೆ ಅನುಮತಿ ಬರುವುದು ಕಷ್ಟ.

ಡಾಕ್ಟ್ರು_ಮಲೆನಾಡು

ಪಶುವೈದ್ಯ ನಾನು. ತರಗೆಲೆ ವಿಷಯದಲ್ಲಿ ಗಾಬರಿಯಿಂದಲೇ ಬರೆಯುತ್ತಿದ್ದೇನೆ. ಕಾಡಿನ ತರಗೆಲೆ ಯಾವ ಕಾರಣಕ್ಕೂ ಬೇಡ. ನೀವು ಸಿದ್ದಾಪುರದವರು, ಮಂಗನ ಕಾಯಿಲೆ ಗೊತ್ತಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಕಾಯಿಲೆ, ಇವತ್ತಿಗೂ ಹೋಗಿಲ್ಲ. ಹರಡುವುದು ಉಣುಗು. ಉಣುಗು ಇರುವುದು ತರಗೆಲೆಯಲ್ಲಿ. ಕೋತಿ, ಮುಸಿಯ ಎರಡೂ ಆ ಕಾಯಿಲೆಗೆ ಸಾಯುತ್ತವೆ. ಮಲೆನಾಡಿನ ಕಾಡಿನಿಂದ ಒಂದು ಚೀಲ ತರಗೆಲೆ ತಂದು ಕೋತಿ ಪಂಜರಕ್ಕೆ ಸುರಿದರೆ ಆಗುವ ಅಪಾಯ ಪಾಲಕರಿಗೂ ತಟ್ಟುತ್ತದೆ.

ಆದರೆ ನೆಲಕ್ಕೆ ಹಾಸು ಹಾಕುವ ಯೋಚನೆ ತಪ್ಪಲ್ಲ. ದಪ್ಪಗೆ ಮರದ ಚಕ್ಕೆ ಹಾಸಿ ಅದರಲ್ಲಿ ಕಾಳು ಚೆಲ್ಲಿದರೆ ಕೋತಿಗಳು ಗಂಟೆಗಟ್ಟಲೆ ಹುಡುಕುತ್ತವೆ, ಜಗಳವೂ ಕಡಿಮೆ ಆಗುತ್ತದೆ. 1982ರಲ್ಲೇ ಎಂಟು ಜಾತಿಯ ಕೋತಿಗಳ ಮೇಲೆ ಇದನ್ನು ನೋಡಿದ್ದಾರೆ. ಹಳೆಯ ಹಾಸು ಕಾಯಿಲೆ ತರುತ್ತದೆ ಅನ್ನುವ ಹೆದರಿಕೆ ಎಲ್ಲರಿಗೂ ಇತ್ತು. ಅಲ್ಲಿ ಹಾಗಾಗಲಿಲ್ಲ. ಆದರೆ ಅದು ಮಳೆ ಬೀಳದ ಒಳಾಂಗಣದ ಮಾತು. ನಮ್ಮ ಜುಲೈ ಮಳೆಗೆ ತೆರೆದ ಪಂಜರದಲ್ಲಿ ಚಕ್ಕೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಸೂರಿನ ಕೆಳಗೆ ಒಂದು ಮೂಲೆಗೆ ಮಾತ್ರ ಕೇಳಿ. ಚಕ್ಕೆ ಔಷಧಿ ಹೊಡೆಯದ ಮರದ್ದಾಗಿರಬೇಕು.

ಗಾಜಿನ ಗೋಡೆ ಕೇಳಬೇಕು ಅಂತ ಯಾರಾದರೂ ಹೇಳಬಹುದು. ಕಡಲೆಕಾಯಿ ನಿಲ್ಲುತ್ತದೆ, ಜನರ ಕ್ಷಯ, ನೆಗಡಿ ಕೋತಿಗೆ ತಗುಲುವುದೂ ಕಡಿಮೆ ಆಗುತ್ತದೆ. ಆದರೆ ಏಪ್ರಿಲ್ ಬಿಸಿಲಿಗೆ ಒಳಗೆ ಗಾಳಿ ಆಡುವುದಿಲ್ಲ, ಜನ ಗಾಜು ಬಡಿಯುತ್ತಾರೆ. ಅದಕ್ಕಿಂತ ಬೇಲಿಯನ್ನು ಇನ್ನೊಂದೆರಡು ಮೀಟರ್ ಹಿಂದೆ ಸರಿಸಿ, ನಡುವೆ ಒತ್ತಾಗಿ ಗಿಡ ಬೆಳೆಸುವುದು ಅಗ್ಗ.

ಸಿಂಗಾಪುರದ_ಕನ್ನಡಿಗ

ನೀರಿನ ಕಂದಕದ ಬಗ್ಗೆ ಯಾರೂ ಹೇಳಲಿಲ್ಲ. ಅದರಲ್ಲಿ ತೊಂದರೆ ಏನು?

ನಿವೃತ್ತ_ಪಾಲಕ

ಮೂರು ತೊಂದರೆ ಸರ್. ಮರಿ ಜಾರಿ ಬೀಳುತ್ತದೆ. ತಾಯಿ ಹಿಂದೆಯೇ ಹಾರುತ್ತಾಳೆ. ದೊಡ್ಡವು ಈಜಿ ದಾಟುವುದೂ ಉಂಟು. ಮೂರನೆಯದು ನಮ್ಮ ದೇಶದ್ದೇ ತೊಂದರೆ. ಮೇಲೆ ಜಾಲರಿ ಇಲ್ಲದಿದ್ದರೆ ಊರ ಕೋತಿ ಒಳಗೆ ಇಳಿಯುತ್ತದೆ. ನಮ್ಮ ಮೃಗಾಲಯಗಳಲ್ಲಿ ಮರಗಳ ಮೇಲೆಲ್ಲ ಬಿಡಾಡಿ ಕೋತಿಗಳೇ. ತಟ್ಟೆ ಇಟ್ಟ ಐದು ನಿಮಿಷಕ್ಕೆ ಹತ್ತು ಬರುತ್ತವೆ. ಸಿಂಗಳೀಕದ ಊಟ ಹೋಗುತ್ತದೆ, ಕಚ್ಚಾಟ ಆಗುತ್ತದೆ, ಕಾಯಿಲೆಯೂ ಬರುತ್ತದೆ.

ಸಿಂಗಾಪುರದ_ಕನ್ನಡಿಗ

ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಇಲ್ಲೂ ಬಿಡಾಡಿ ಕೋತಿಗಳಿವೆ. ಒಣ ಕಂದಕ, ಒಳಗೋಡೆಗೆ ಕರೆಂಟ್ ತಂತಿ ಹಾಕಿದರೆ ನಡೆಯುತ್ತದೆ ಅಲ್ವಾ? ಜಾಲರಿ ಹೊದಿಸಿದರೆ ದೊಡ್ಡ ಮರ ಒಳಗೆ ಎಂದೂ ಬರುವುದಿಲ್ಲ. ನಿಜವಾದ ಮರ ಹತ್ತುವ ಸುಖ ಹಗ್ಗದಿಂದ ಸಿಗುತ್ತದಾ?

ನಿವೃತ್ತ_ಪಾಲಕ

ಸಿಗುವುದಿಲ್ಲ. ಆ ಮಾತು ನಿಮ್ಮದೇ ಸರಿ. ಆದರೆ ಕರೆಂಟ್ ತಂತಿಗೆ ಒಂದು ಬಳ್ಳಿ ತಾಗಿದರೆ ಸಾಕು, ಶಕ್ತಿ ಇಳಿದುಹೋಗುತ್ತದೆ. ಮಳೆಗಾಲದಲ್ಲಿ ದಿನಕ್ಕೆರಡು ಸಲ ಯಾರು ನೋಡುತ್ತಾರೆ? ನಾನು ಜಾಲರಿಯ ಪರ.

ಎಣಿಕೆ_ಪುಸ್ತಕ

ನಾನು ತೆರೆದ ಆವರಣದ ಪರ, ಆದರೆ ಒಳ್ಳೆ ನಿಗಾ ಇದ್ದ ಕಡೆ ಮಾತ್ರ. ಈ ಪತ್ರದಲ್ಲಿ ಅದು ಬೇಡ.

ಹೊಳೆಸಾಲು_ಹುಡುಗಿ

ನಿನ್ನೆ ರಾತ್ರಿ ಪುಸ್ತಕ ತೆಗೆದು ಸಮಯದ ಪ್ರಕಾರ ಬೇರೆ ಮಾಡಿದೆ. ಭಾನುವಾರದ 21ರಲ್ಲಿ 13, ಬುಧವಾರದ 12ರಲ್ಲಿ 10 ಊಟಕ್ಕೆ ಮುಂಚಿನವು. ಅಂದರೆ ಊಟದ ಕಾಯುವಿಕೆ ನಿಜ. ಆದರೆ ಊಟ ಆದ ಮೇಲೂ ಭಾನುವಾರ 8, ಬುಧವಾರ 2. ಆ ಎಂಟರಲ್ಲಿ ಏಳು ಒಂದೇ ಹೆಣ್ಣಿನದು, ಚಿಕ್ಕದರದ್ದು. ನಾನು ಇದನ್ನು ಗಮನಿಸಿಯೇ ಇರಲಿಲ್ಲ. ಬರೆದಿದ್ದೆ, ಆದರೆ ನೋಡಿರಲಿಲ್ಲ.

ನಿವೃತ್ತ_ಪಾಲಕ

ಈಗ ನೀನು ನಿಜವಾಗಿ ಆ ಪಂಜರ ನೋಡುತ್ತಿದ್ದೀಯ. ಆ ಚಿಕ್ಕ ಹೆಣ್ಣು ಊಟದ ಹೊತ್ತಿಗೆ ಎಲ್ಲಿರುತ್ತದೆ?

ಹೊಳೆಸಾಲು_ಹುಡುಗಿ

ಹಿಂದಿನ ಮೂಲೆಯಲ್ಲಿ, ಜಾಲರಿ ಹಿಡಿದುಕೊಂಡು. ಎಲ್ಲ ಹೋದ ಮೇಲೆ ತಟ್ಟೆಗೆ ಬರುತ್ತದೆ.

ನಿವೃತ್ತ_ಪಾಲಕ

ಅಷ್ಟೇ ನೋಡು. ಒಂದೇ ತಟ್ಟೆ ಇಟ್ಟರೆ ಗಂಡು ಮತ್ತು ದೊಡ್ಡ ಹೆಣ್ಣು ಬಂದು ಕೆನ್ನೆ ಚೀಲ ತುಂಬಿಕೊಂಡು ಹೋಗುತ್ತವೆ. ಮೊಟ್ಟೆ, ಬಾಳೆಹಣ್ಣು ಮೊದಲು ಖಾಲಿ. ಇದಕ್ಕೆ ಸೌತೆಕಾಯಿ. ಭಾನುವಾರ ಜನ ಮೂರೂ ಕಡೆ ಇರುವುದರಿಂದ ಅಡಗಲು ಜಾಗ ಇಲ್ಲ. ಒಂದು ಕಡೆ ಜನ, ಇನ್ನೊಂದು ಕಡೆ ಗಂಡು. ಅದಕ್ಕೇ ಓಡಾಟ ಅಂತ ನನ್ನ ಅಂದಾಜು.

ಪತ್ರದಲ್ಲಿ ಹೀಗೆ ಕೇಳು. ಊಟ ಮೂರ್ನಾಲ್ಕು ಕಡೆ, ಒಂದರಿಂದ ಇನ್ನೊಂದು ಕಾಣದ ಹಾಗೆ, ನೆಲದಿಂದ ಎತ್ತರಕ್ಕೆ. ಪಂಜರದ ಮೇಲಿನ ಜಾಲರಿ ಮೇಲೆಯೂ ಒಂದಿಷ್ಟು ಹಣ್ಣು ಹಾಕಬಹುದು, ಜೋತಾಡಿಕೊಂಡು ಬೆರಳಲ್ಲಿ ಎಳೆದು ತಿನ್ನುತ್ತವೆ. ಹಗ್ಗ, ಬಿದಿರು ಅಡ್ಡಕ್ಕೆ ಕಟ್ಟಬೇಕು. ಒಂದು ತುದಿಗೆ ಹೋದರೆ ಬೇರೆ ದಾರಿಯಲ್ಲಿ ವಾಪಸ್ ಬರುವ ಹಾಗಿರಬೇಕು. ದಾರಿ ಮುಗಿಯುವ ತುದಿ ಇದ್ದರೆ ಅಲ್ಲೇ ಚಿಕ್ಕದನ್ನು ಸಿಕ್ಕಿಸಿ ಹೊಡೆಯುತ್ತವೆ. ಕೂರುವ ಹಲಗೆ ಪ್ರಾಣಿಗಳಿಗಿಂತ ಜಾಸ್ತಿ ಇರಲಿ, ಒಂದೇ ಎತ್ತರದಲ್ಲಿ ಇರಲಿ. ಎಲ್ಲಕ್ಕಿಂತ ಎತ್ತರದ ಹಲಗೆ ಒಂದೇ ಇದ್ದರೆ ಅದು ಗಂಡಿನದೇ ಆಗುತ್ತದೆ. ನೀರಿನ ತೊಟ್ಟಿಯ ಮೇಲೆ ಹಲಗೆ ಬರಬಾರದು, ಹಿಕ್ಕೆ ಬೀಳುತ್ತದೆ.

ಹಗ್ಗವನ್ನು ಬಿಗಿಯಾಗಿ ಕಟ್ಟಬೇಕು. ಸಡಿಲ ಕುಣಿಕೆಯಲ್ಲಿ ಮರಿಯ ಕತ್ತು ಸಿಕ್ಕಿಕೊಳ್ಳುತ್ತದೆ. ತೆಂಗಿನ ನಾರಿನ ಹಗ್ಗ ಒಂದು ಮಳೆಗಾಲಕ್ಕೆ ಕೊಳೆಯುತ್ತದೆ. ಅಗ್ನಿಶಾಮಕದವರು ಬಿಸಾಡುವ ಹಳೆ ಪೈಪು ಎಷ್ಟೋ ಗಟ್ಟಿ, ಬಾಗುತ್ತದೆ, ಕೊಂಬೆ ಹಾಗೆ ಅಲುಗುತ್ತದೆ.

ಡಾಕ್ಟ್ರು_ಮಲೆನಾಡು

ಒಂದು ಸೇರಿಸಿ. ಜನರು ತಿನ್ನಿಸುವುದಕ್ಕೆ ಹೊಸ ಕಾನೂನು ಬೇಕಿಲ್ಲ. ವನ್ಯಜೀವಿ ಕಾಯ್ದೆಯ 38ಜೆ ಪ್ರಕಾರ ಮೃಗಾಲಯದ ಪ್ರಾಣಿಗೆ ತಿಂಡಿ ಕೊಡುವುದು, ಕೆಣಕುವುದು, ಗದ್ದಲ ಮಾಡುವುದು ಈಗಲೇ ನಿಷಿದ್ಧ. "ಕಾಡಿಗೆ ಬಿಡಿ" ಸಾಲು ತೆಗೆಯಿರಿ. ಕೈ ಚಾಚಲು ಕಲಿತ ಕೋತಿ ಕಾಡಿನಲ್ಲಿ ಬದುಕುವುದಿಲ್ಲ, ಅಲ್ಲಿನ ಗುಂಪು ಸೇರಿಸಿಕೊಳ್ಳುವುದೂ ಇಲ್ಲ.

ಹೊಳೆಸಾಲು_ಹುಡುಗಿ

ಹೊಸ ಪತ್ರ:

*ಇವರಿಗೆ: ಕಾರ್ಯನಿರ್ವಾಹಕ ನಿರ್ದೇಶಕರು*

*ವಿಷಯ: ಸಿಂಗಳೀಕಗಳ ಪಂಜರದ ಒಳಗೆ ಮಾಡಬಹುದಾದ ಬದಲಾವಣೆಗಳ ಕುರಿತು*

*ಮಾನ್ಯರೇ,*

*ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ತಮ್ಮಲ್ಲಿರುವ ನಾಲ್ಕು ಸಿಂಗಳೀಕಗಳನ್ನು ಎರಡು ದಿನ, ದಿನಕ್ಕೆ ಮೂರು ಗಂಟೆ ಗಮನಿಸಿದ್ದೇನೆ. ಲೆಕ್ಕದ ಹಾಳೆ ಲಗತ್ತಿಸಿದ್ದೇನೆ. ಎರಡು ದಿನದ ಲೆಕ್ಕದಿಂದ ಏನನ್ನೂ ಖಚಿತವಾಗಿ ಹೇಳಲಾಗದು ಎಂದು ನನಗೆ ಗೊತ್ತಿದೆ. ಆದರೆ ಚಿಕ್ಕ ಹೆಣ್ಣು ಊಟಕ್ಕೆ ಕೊನೆಗೆ ಬರುವುದು, ಜನ ಜಾಸ್ತಿ ಇದ್ದ ದಿನ ಊಟದ ನಂತರವೂ ಒಂದೇ ದಾರಿಯಲ್ಲಿ ಓಡಾಡುವುದು ಕಂಡಿದೆ.*

*ಈಗಿರುವ ಪಂಜರದಲ್ಲೇ ಆಗಬಹುದಾದ ನಾಲ್ಕು ಕೆಲಸಗಳನ್ನು ಕೇಳಿಕೊಳ್ಳುತ್ತೇನೆ. ಮೊದಲನೆಯದು, ಮೂರು ಕಡೆಗಳಲ್ಲಿ ಎರಡನ್ನು ಬಿದಿರಿನ ತಟ್ಟಿ ಮತ್ತು ಗಿಡಗಳಿಂದ ಮುಚ್ಚಿ, ಜನರಿಗೆ ಒಂದೇ ಕಡೆಯಿಂದ ನೋಡಲು ಬಿಡುವುದು. ಆ ಕಡೆಯ ಬೇಲಿಯನ್ನು ಕೈ ಎಟುಕದಷ್ಟು ಹಿಂದೆ ಸರಿಸುವುದು. ಎರಡನೆಯದು, ಊಟವನ್ನು ಒಂದಕ್ಕೊಂದು ಕಾಣದ ಮೂರ್ನಾಲ್ಕು ಎತ್ತರದ ಜಾಗಗಳಲ್ಲಿ, ದಿನಕ್ಕೆ ಎರಡು ಮೂರು ಸಲ ಹಂಚಿ ಕೊಡುವುದು. ಮೂರನೆಯದು, ಒಣಮರದಿಂದ ನಾಲ್ಕೂ ಮೂಲೆಗೆ ಬಿದಿರು ಮತ್ತು ಹಳೆಯ ಅಗ್ನಿಶಾಮಕ ಪೈಪುಗಳ ದಾರಿ, ಒಂದೇ ಎತ್ತರದ ಆರು ಹಲಗೆಗಳು. ನಾಲ್ಕನೆಯದು, ಸೂರಿನ ಕೆಳಗಿನ ಮೂಲೆಯಲ್ಲಿ ಮಾತ್ರ ಮರದ ಚಕ್ಕೆಯ ಹಾಸು.*

*ಎಲ್ಲವೂ ಆಗದಿದ್ದರೆ ಮೊದಲನೆಯದನ್ನು ಮೊದಲು ಮಾಡಬೇಕೆಂದು ಕೋರುತ್ತೇನೆ. ವಾರದ ರಜೆಯ ದಿನ ಪಾಲಕರ ಜೊತೆಯಲ್ಲಿ ಗಮನಿಸಲು ಅನುಮತಿ ಕೊಟ್ಟರೆ, ಬದಲಾವಣೆಗೆ ಮೊದಲು ಮತ್ತು ನಂತರದ ಲೆಕ್ಕವನ್ನು ತಮಗೆ ಒಪ್ಪಿಸುತ್ತೇನೆ.*

*ತಮ್ಮ ವಿಶ್ವಾಸಿ*

ನಿವೃತ್ತ_ಪಾಲಕ

ನಾನಾಗಿದ್ದರೆ ಊಟ ಹಂಚುವುದನ್ನು ಮೊದಲು ಬರೆಯುತ್ತಿದ್ದೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ, ನಾಳೆಯೇ ಆಗುತ್ತದೆ.

ಎಣಿಕೆ_ಪುಸ್ತಕ

ನನಗೆ ಮರೆ ಮೊದಲು ಸರಿ ಅನ್ನಿಸುತ್ತದೆ. ಊಟ ಹಂಚಿದರೂ ಕೂತು ತಿನ್ನಲು ಮರೆ ಇಲ್ಲದಿದ್ದರೆ ಚಿಕ್ಕದು ಬರುವುದಿಲ್ಲ. ಎರಡನ್ನೂ ಒಂದೇ ವಾರ ಮಾಡಬಾರದು ಅಂತ ಮಾತ್ರ ಹೇಳಿ. ಯಾವುದರಿಂದ ಏನಾಯ್ತು ಅಂತ ತಿಳಿಯುವುದಿಲ್ಲ.

ಹೊಳೆಸಾಲು_ಹುಡುಗಿ

ಪತ್ರ ಕೈಯಾರೆ ಕೊಟ್ಟು ಬಂದೆ, ಸ್ವೀಕೃತಿ ಸಿಕ್ಕಿತು. ಇವತ್ತು ಫೋನ್ ಬಂತು. ಪಂಜರದ ಬಗ್ಗೆ ಏನೂ ಹೇಳಲಿಲ್ಲ. ಮುಂದಿನ ರಜೆಯ ದಿನ ಬೆಳಿಗ್ಗೆ ಎಂಟಕ್ಕೆ ಬನ್ನಿ, ಲೆಕ್ಕದ ಪುಸ್ತಕ ತನ್ನಿ ಅಂದರು. ಮರೆ ಮೊದಲೋ ಊಟ ಮೊದಲೋ ಅಂತ ಅಲ್ಲಿನ ಪಾಲಕರನ್ನೇ ಕೇಳುತ್ತೇನೆ.

ನಿವೃತ್ತ_ಪಾಲಕ

ಹೋಗು ಮಗಳೇ. ಪ್ರತಿ ಸಲ ಅದೇ ಬಟ್ಟೆ ಹಾಕಿಕೊಂಡು ಹೋಗು, ಬಣ್ಣ ಕಣ್ಣಿಗೆ ಹೊಡೆಯದಂಥದ್ದು. ಗಂಡಿನ ಕಣ್ಣಿಗೆ ಕಣ್ಣಿಟ್ಟು ನೋಡಬೇಡ, ಜಗಳಕ್ಕೆ ಕರೆದ ಹಾಗೆ. ಮೊದಲ ಒಂದು ಗಂಟೆ ಏನೂ ಬರೆಯಬೇಡ, ನೀನು ಅಲ್ಲಿರುವುದು ಅವಕ್ಕೆ ಅಭ್ಯಾಸ ಆಗಲಿ. ಆಮೇಲೆ ಚಿಕ್ಕ ಹೆಣ್ಣಿನ ಸಾಲು ಮೊದಲು ಹಾಕು.